ಖಾಲಿ ಮನೆಯಲ್ಲಿ ಯಾವ ಊರು?

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ನೋಡುವುದು ನನ್ನ ಕೆಲಸ. ನಮ್ಮ ಸಾವ್ಕಾರ್ರಿಗೆ ಬ್ಯಾಡಗಿಯಲ್ಲೂ ವ್ಯವಹಾರ ಇದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಅಲ್ಲಿಂದ ಮೇಲ್‌ನಲ್ಲಿ ಪಟ್ಟಿ ಬರುತ್ತದೆ. ಆವತ್ತೂ ಬಂತು. ಎಕ್ಸೆಲ್‌ಗೆ ಪೇಸ್ಟ್ ಮಾಡಿದೆ. ಅದರ ಒಂದು ತುಂಡು ಹೀಗಿತ್ತು:

```
ಊರು | ತಳಿ | ಚೀಲ
ಸಂಶಿ | ಕಡ್ಡಿ | 14
 | ಡಬ್ಬಿ | 9
 | ಒಟ್ಟು | 23
ಯರಗುಪ್ಪಿ | ಕಡ್ಡಿ | 11
 | ಡಬ್ಬಿ | 6
 | ಗುಂಟೂರು | 8
 | ಒಟ್ಟು | 25
 | ಕಡ್ಡಿ | 7
 | ಡಬ್ಬಿ | 5
 | ಒಟ್ಟು | 12
```

ಪ್ರತಿ ಊರಿನ ಹೆಸರು ಅದರ ಮೊದಲ ಸಾಲಿನಲ್ಲಿ ಮಾತ್ರ. ಕಣ್ಣಿಗೆ ಇದು ಚೆಂದ, ಎಕ್ಸೆಲ್‌ಗೆ ಅಲ್ಲ. ಅದಕ್ಕೆ ಸಂಶಿಯ ಎರಡನೇ ಸಾಲಿನ 9 ಚೀಲ ಯಾವ ಊರಿಗೂ ಸೇರಿದ್ದಲ್ಲ.

"ಯಾವ ಊರಿಂದ ಜಾಸ್ತಿ ಬಂದೈತಿ ನೋಡು ತಮ್ಮಾ" ಅಂದರು ಸಾವ್ಕಾರ್ರು. ಪಕ್ಕದಲ್ಲಿದ್ದ ಹೊಸ ಹುಡುಗ "ಸಾರ್ಟ್ ಮಾಡ್ಲೇನ್ರಿ ಅಣ್ಣಾ?" ಅಂತ ಮೌಸ್ ಹಿಡಿದ. ಬೇಡ ಅಂದೆ. ಈ ಸ್ಥಿತಿಯಲ್ಲಿ ಸಾರ್ಟ್ ಮಾಡಿದರೆ ಸಾಲುಗಳು ಚದುರುತ್ತವೆ. ಖಾಲಿ ಸಾಲು ಯಾವ ಊರಿನದು ಅನ್ನಲು ಇರುವ ಗುರುತು ಅದರ ಜಾಗ ಒಂದೇ. ಜಾಗ ಹೋದರೆ ಎಲ್ಲ ಹೋದಂತೆ.

ದಾರಿ ಸುಲಭ. ಊರಿನ ಕಾಲಮ್ಮಿನಲ್ಲಿ A2ಯಿಂದ ಕೊನೆ ಸಾಲಿನವರೆಗೆ ಆರಿಸಿ F5 ಒತ್ತಿ, `Special`, ಆಮೇಲೆ `Blanks`. ಖಾಲಿ ಮನೆಗಳಷ್ಟೇ ಆಯ್ಕೆಯಾಗುತ್ತವೆ. ನಮ್ಮಲ್ಲಿ ಮೊದಲನೆಯದು A3. ಹಾಗೇ ಟೈಪ್ ಮಾಡಬೇಕು:

```
=A2
```

ಬರೀ ಎಂಟರ್ ಅಲ್ಲ, `Ctrl+Enter`. ಆಗ ಪ್ರತಿ ಖಾಲಿ ಮನೆಯೂ ತನ್ನ ಮೇಲಿನದನ್ನು ತೆಗೆದುಕೊಳ್ಳುತ್ತದೆ.

ನಮಗೆ ಇಲ್ಲೇ ಅಡ್ಡಿ ಬಂತು. `No cells were found` ಅಂತು. ಕಣ್ಣೆದುರಿಗೇ ಅಷ್ಟು ಖಾಲಿ ಮನೆ! ಇಂಥ ಹೊತ್ತಿನಲ್ಲಿ ನಾನು ಬೇರೆ ಮನೆಯಲ್ಲಿ `=LEN(A3)` ಹಾಕಿ ನೋಡುತ್ತೇನೆ. 0 ಬರಬೇಕಿತ್ತು, 1 ಬಂತು. `=UNICODE(A3)` ಹಾಕಿದರೆ 160. ವೆಬ್ ಪುಟ, ಮೇಲ್‌ಗಳ ಟೇಬಲ್‌ನಲ್ಲಿ ಖಾಲಿ ಮನೆಗೆ ತುಂಬಿರುವ ಒಂದು ಕಾಣದ ಸ್ಪೇಸ್ ಇದು. `TRIM` ಇದನ್ನು ಮುಟ್ಟುವುದಿಲ್ಲ. A3ಯ ಒಳಗೆ ಹೋಗಿ ಆ ಸ್ಪೇಸನ್ನೇ ಕಾಪಿ ಮಾಡಿ, `Ctrl+H` ಒತ್ತಿ, ಹುಡುಕುವ ಜಾಗಕ್ಕೆ ಪೇಸ್ಟ್ ಮಾಡಿದೆ. ಕೆಳಗಿನದು ಖಾಲಿ. `Match entire cell contents` ಟಿಕ್ ಮಾಡಿದೆ. ಇಲ್ಲದಿದ್ದರೆ ಎರಡು ಪದದ ಊರಿನ ಹೆಸರಿನೊಳಗೂ ಇದೇ ಸ್ಪೇಸ್ ಇದ್ದರೆ ಅದೂ ಅಳಿಸಿ ಹೆಸರು ಅಂಟಿಕೊಳ್ಳುತ್ತದೆ.

"ಈಗ ತುಂಬೂಣಲ್ರಿ?" ಅಂದ ಹುಡುಗ. ನನಗೆ ಮಾತ್ರ ಕೊನೆಯ ಮೂರು ಸಾಲಿನ ಮೇಲೆ ಅನುಮಾನ. ಯರಗುಪ್ಪಿಯ ಒಟ್ಟು 25 ಅಂತ ಮುಗಿದಿದೆ. ಅದರ ಕೆಳಗೆ ಮತ್ತೆ ಕಡ್ಡಿ, ಡಬ್ಬಿ, ಇನ್ನೊಂದು ಒಟ್ಟು. ಊರಿನ ಹೆಸರೇ ಇಲ್ಲ. ಎಲ್ಲ ಖಾಲಿ ಮನೆಗೂ ಅರ್ಥ ಒಂದೇ ಅಲ್ಲ. ಕೆಲವು "ಮೇಲಿನ ಊರೇ" ಅನ್ನುತ್ತವೆ. ಕೆಲವು ಬರೆಯೋದು ಬಿಟ್ಟುಹೋದವು. ಎಕ್ಸೆಲ್‌ಗೆ ಎರಡೂ ಒಂದೇ. ಸುಮ್ನೆ ತುಂಬಿದರೆ ಈ 12 ಚೀಲ ಯರಗುಪ್ಪಿಯ ಲೆಕ್ಕಕ್ಕೆ ಹೋಗಿ 25 ಇದ್ದದ್ದು 37 ಆಗುತ್ತದೆ. ಒಟ್ಟು ಸಾಲುಗಳನ್ನೂ ಕೂಡಿದರಂತೂ 74.

ಹಾಗಾಗಿ ಒಟ್ಟು ಸಾಲುಗಳನ್ನು ಮೊದಲೇ ಅಳಿಸಬಾರದು ಅನ್ನುವವನು ನಾನು. ಗುಂಪು ಎಲ್ಲಿ ಮುಗಿಯಿತು ಅಂತ ಹೇಳುವುದು ಅವೇ. ಒಟ್ಟು ಆದ ನಂತರದ ಸಾಲಿನಲ್ಲಿ ಹೆಸರು ಇರಲೇಬೇಕು, ಅಲ್ವಾ? D3ಯಲ್ಲಿ ಇದನ್ನು ಹಾಕಿ ಕೊನೆ ಸಾಲಿನವರೆಗೆ ಎಳೆದೆ:

```
=IF(AND(B2="ಒಟ್ಟು",A3=""),"ನೋಡು","")
```

ಇಡೀ ಪಟ್ಟಿಯಲ್ಲಿ "ನೋಡು" ಬಂದದ್ದು D9ರಲ್ಲಿ ಮಾತ್ರ. ಬ್ಯಾಡಗಿಗೆ ಫೋನ್ ಹಚ್ಚಿದೆ. "ಅದು ಗುಡಗೇರಿದ್ರಿ ಸರ, ಹಾಕೂದು ಬಿಟ್ಟೈತಿ ನೋಡ್ರಿ" ಅಂದ ಅಲ್ಲಿಯ ಗುಮಾಸ್ತ.

A9ರಲ್ಲಿ ಗುಡಗೇರಿ ಬರೆದು, ಆಮೇಲೆ ತುಂಬಿದೆ. ತುಂಬಿದ್ದೆಲ್ಲ ಇನ್ನೂ ಫಾರ್ಮುಲಾ. ಹಾಗೇ ಬಿಟ್ಟು ಸಾರ್ಟ್ ಮಾಡಿದರೆ ಹೊಸ ಜಾಗದಲ್ಲಿ ಮೇಲಿರುವ ಊರನ್ನು ಎತ್ತಿಕೊಳ್ಳುತ್ತವೆ. ಅದಕ್ಕೇ ಕಾಲಮ್ ಕಾಪಿ ಮಾಡಿ ಅದರ ಮೇಲೇ `Paste Special`ನಲ್ಲಿ `Values` ಹಾಕಿದೆ. ಆಮೇಲೆ ಒಟ್ಟು ಸಾಲು ಬಿಟ್ಟು ಕೂಡಿ ನೋಡಿದೆ:

```
=SUMIFS(C:C,A:A,"ಯರಗುಪ್ಪಿ",B:B,"<>ಒಟ್ಟು")
```

25 ಬಂತು. ಅವರು ಬರೆದ ಒಟ್ಟಿಗೆ ಸರಿಹೊಂದಿತು. ಸಂಶಿಗೆ 23, ಗುಡಗೇರಿಗೆ 12. ಉಳಿದ ಊರುಗಳೂ ಹೀಗೇ ತಾಳೆಯಾದ ಮೇಲೆ ಒಟ್ಟು ಸಾಲುಗಳನ್ನು ಫಿಲ್ಟರ್ ಹಾಕಿ ತೆಗೆದೆ. ಸಾರ್ಟ್ ಮಾಡುವ ಕೆಲಸ ಹುಡುಗನಿಗೇ ಕೊಟ್ಟೆ.

ಗುಮಾಸ್ತನಿಗೆ ಮತ್ತೆ ಫೋನ್ ಮಾಡಿ, ಇನ್ನು ಮೇಲೆ ಪ್ರತಿ ಸಾಲಿಗೂ ಊರು ಹಾಕಪ್ಪ ಅಂದೆ. "ಹಾಕ್ತೀನ್ರಿ. ಆದ್ರ ನಮ್ಮ ಸಾವ್ಕಾರ್ರು ಓದಾಕ ಚೆಂದ ಕಾಣಂಗಿಲ್ಲ ಅಂತಾರ್ರಿ" ಅಂದ. ಹಾಗಾದರೆ ಒಟ್ಟು ಸಾಲನ್ನಾದರೂ ತಪ್ಪಿಸಬೇಡ ಅಂತ ಹೇಳಿ ಇಟ್ಟೆ.