ಫೋಟೋದಲ್ಲಿನ ಸರ್ವೈವಲ್ ಕರ್ವ್: 23 ವಾರವೋ, 22 ವಾರವೋ?

ಅಚ್ಚಾದ ಪುಟದ ಫೋಟೋದಿಂದ ಸರ್ವೈವಲ್ ಕರ್ವ್, ಅಂದರೆ ಕಾಲ ಕಳೆದಂತೆ ಎಷ್ಟು ಪಾಲು ಜನ ಉಳಿದರು ಎಂದು ತೋರಿಸುವ ಮೆಟ್ಟಿಲು ಗೆರೆ, ಓದಲು ಈ ಸಲ ಕೈಗೆತ್ತಿಕೊಂಡದ್ದು 1963ರಲ್ಲಿ ಪ್ರಕಟವಾದ ಲ್ಯುಕೇಮಿಯಾ ಅಧ್ಯಯನ. 6-ಎಂಪಿ ಎಂಬ ಔಷಧದ ಮಾತ್ರೆ ಪಡೆದವರು 21, ಔಷಧವಿಲ್ಲದ ಪ್ಲಸೀಬೊ ಪಡೆದವರು 21. ಕರ್ವ್ ತೋರಿಸುವುದು ಸಾವನ್ನಲ್ಲ, ರೋಗ ಮರಳುವವರೆಗಿನ ವಾರಗಳನ್ನು; ಓದುವ ರೀತಿ ಮಾತ್ರ ಒಂದೇ. ಮೂಲ ಅಂಕಿಗಳು ಸಿಗುವುದರಿಂದ ಫೋಟೋ ನೋಡಿ ಓದಿದ್ದು ಸರಿಯೇ ಎಂದು ತಾಳೆ ನೋಡಬಹುದು.

ಕಾರವಾರದ ಮಳೆಗಾಲದಲ್ಲಿ ಪುಟ ತೇವ ಹಿಡಿದು ಉಬ್ಬುತ್ತದೆ. ಹಾಳೆ ಓರೆಯಾಗಿದ್ದರೆ GIMPನ Perspective ಟೂಲ್‌ನಲ್ಲಿ ಗ್ರಾಫಿನ ಚೌಕಟ್ಟಿನ ನಾಲ್ಕು ಮೂಲೆ ಹಿಡಿದು ನೇರ ಮಾಡಬಹುದು, ಉಬ್ಬಿದ್ದರೆ ಅದರಿಂದ ಆಗುವುದಿಲ್ಲ. ಹಾಗಾಗಿ ಮೊದಲು ಪುಟದ ಮೇಲೆ ಗಾಜು ಇಟ್ಟು, ಬೆಳಕು ಪಕ್ಕದಿಂದ ಬೀಳುವಂತೆ ಮಾಡಿ, ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆಯಬೇಕು. ಆಮೇಲೆ ಗ್ರಾಫಿನ ಚಿತ್ರದಿಂದ ಅಂಕಿ ಓದುವ WebPlotDigitizerನಲ್ಲಿ ಅಕ್ಷದ ಗುರುತು: ಅಡ್ಡಕ್ಕೆ 0 ಮತ್ತು 30 ವಾರ, ಲಂಬಕ್ಕೆ 0 ಮತ್ತು 1. ಲಂಬ ಅಕ್ಷ 0ಯಿಂದಲೇ ಶುರುವಾಗಿದೆಯೇ ಎಂದು ನೋಡಿಕೊಳ್ಳಿ, 0.4ರಿಂದ ಶುರುವಾದ ಗ್ರಾಫಿನಲ್ಲಿ ನಡುಮಟ್ಟ 0.5 ಅಲ್ಲ.

0.5ರ ಗೆರೆಯನ್ನು ಅಡ್ಡ ಅಕ್ಷಕ್ಕೆ ಸಮಾನಾಂತರವಾಗಿ ಎಳೆದು, ಕರ್ವ್ ಮೊದಲ ಬಾರಿ ಅದರ ಕೆಳಗೆ ಇಳಿಯುವ ವಾರ ಓದಿದರೆ ಅದೇ ಮೀಡಿಯನ್, ಅಂದರೆ ಅರ್ಧದಷ್ಟು ಜನರಿಗೆ ರೋಗ ಮರಳುವ ಹೊತ್ತು. ಪ್ಲಸೀಬೊದಲ್ಲಿ ತಕರಾರಿಲ್ಲ: 8ನೇ ವಾರ 0.571ರಿಂದ ಒಮ್ಮೆಲೇ 0.381ಕ್ಕೆ ಇಳಿಯುತ್ತದೆ. ಕಷ್ಟವೆಲ್ಲ 6-ಎಂಪಿಯದು. 22ನೇ ವಾರ ಅದು 0.538ಕ್ಕೆ ಬರುತ್ತದೆ, 23ಕ್ಕೆ 0.448ಕ್ಕೆ. 0ಯಿಂದ 1ರವರೆಗೆ 800 ಪಿಕ್ಸೆಲ್, 30 ವಾರಕ್ಕೆ 900 ಪಿಕ್ಸೆಲ್ ಇರುವ ಚಿತ್ರದಲ್ಲಿ 0.538ಕ್ಕೂ 0.5ಕ್ಕೂ ನಡುವೆ ಇರುವುದು 30 ಪಿಕ್ಸೆಲ್ ಅಷ್ಟೇ. ಗೆರೆಯನ್ನು ಅಕ್ಷದ ಬದಲು ಫೋಟೋದ ಅಂಚಿಗೆ ಸಮಾನಾಂತರವಾಗಿ ಎಳೆದಿದ್ದರೆ, ಎಡಬದಿ ಸರಿಯಿದ್ದು ಬಲಬದಿ ಮೂರು ಡಿಗ್ರಿ ಕೆಳಗೆ ವಾಲಿದರೆ ಸಾಕು, ಮೀಡಿಯನ್ 22 ಎಂದು ಕಾಣುತ್ತದೆ. ಮೂರೂವರೆ ಡಿಗ್ರಿ ಮೇಲಕ್ಕೆ ವಾಲಿದರೆ ಇನ್ನೂ ಕೆಟ್ಟದ್ದು: 23ರ ನಂತರ ಯಾರಿಗೂ ರೋಗ ಮರಳಿದ್ದು ದಾಖಲಾಗಿಲ್ಲ, ಆದ್ದರಿಂದ ಕರ್ವ್ 0.5 ಮುಟ್ಟಲೇ ಇಲ್ಲ ಎಂದಾಗುತ್ತದೆ.

ವಾಲಿದ್ದು ಗೊತ್ತಾಗಲು ಪ್ಲಸೀಬೊ ಕರ್ವೇ ಅಳತೆಗೋಲು. ಅದರಲ್ಲಿ ನಡುವೆ ಸೆನ್ಸಾರ್ ಆದವರು, ಅಂದರೆ ರೋಗ ಮರಳುವ ಮೊದಲೇ ಲೆಕ್ಕದಿಂದ ಹೊರಬಿದ್ದವರು, ಯಾರೂ ಇಲ್ಲ. ಹಾಗಾಗಿ ಪ್ರತಿ ಮೆಟ್ಟಿಲೂ 1/21ರ, ಅಂದರೆ 0.048ರ ಅಪವರ್ತ್ಯ, ಮತ್ತು 23ನೇ ವಾರ ಕರ್ವ್ ಸರಿಯಾಗಿ 0 ಮುಟ್ಟಬೇಕು. ಅಲ್ಲಿ 0.03 ಬಂದರೂ ಚಿತ್ರವನ್ನು ಮತ್ತೆ ನೇರ ಮಾಡಬೇಕು.

ತಾಳೆಗೆ, R ಭಾಷೆಯಲ್ಲಿ:

```
library(survival)
survfit(Surv(time, cens) ~ treat, data = MASS::gehan)
```

ಇಲ್ಲಿ ಬರುವ ಮೀಡಿಯನ್ 6-ಎಂಪಿಗೆ 23, ಪ್ಲಸೀಬೊಗೆ 8. ಇದರಿಂದ "ಅಪಾಯ ಮೂರನೇ ಒಂದು ಪಾಲಿಗೆ ಇಳಿಯಿತು" ಎಂದು ಬರೆಯಬಾರದು; ಅಪಾಯವನ್ನು ಹೋಲಿಸುವ ಕಾಕ್ಸ್ ಮಾದರಿಯಲ್ಲಿ ಹಜಾರ್ಡ್ ಅನುಪಾತ, ಅಂದರೆ ಪ್ಲಸೀಬೊಗೆ ಹೋಲಿಸಿದರೆ 6-ಎಂಪಿಯಲ್ಲಿ ರೋಗ ಮರಳುವ ಅಪಾಯ, ಸುಮಾರು 0.2. 23 ಎಂಬ ಅಂಕಿಯೂ ಗಟ್ಟಿಯಲ್ಲ, ಆ ವಾರ ಲೆಕ್ಕದಲ್ಲಿ ಉಳಿದವರು ಆರೇ ಜನ. 95% ವಿಶ್ವಾಸ ವ್ಯಾಪ್ತಿ 16ರಿಂದ ಶುರುವಾಗುತ್ತದೆ, ಮೇಲಿನ ಮಿತಿ ಸಿಗುವುದೇ ಇಲ್ಲ. ಎರಡು ಗುಂಪನ್ನು ಹೋಲಿಸಲು ನಾವು 10ನೇ ವಾರವನ್ನೂ ಬರೆದಿಡುತ್ತಿದ್ದೇವೆ: ರೋಗ ಮರಳದವರು 6-ಎಂಪಿಯಲ್ಲಿ 75%, ಪ್ಲಸೀಬೊದಲ್ಲಿ 38%. ಅಲ್ಲಿ 6-ಎಂಪಿಯ 15 ಜನ ಇನ್ನೂ ಲೆಕ್ಕದಲ್ಲಿದ್ದರು, ಮೂರು ಡಿಗ್ರಿ ವಾಲಿದರೂ ಅಂತರ ಅಳಿಸುವುದಿಲ್ಲ.