ಹಳೆ ಬಂಗಾರದ ಬಿಲ್‌ನಲ್ಲಿ ಎರಡು ಸಲ ಕಳೆದ ಟಚ್

ಅಕ್ಷಯ ತೃತೀಯದ ಹಿಂದಿನ ದಿನ. ಅಂಗಡಿ ತುಂಬ ಜನ. ಒಬ್ಬರು ಅಮ್ಮ ಅರಗು ತುಂಬಿದ ಹಳೆ ಬಳೆ ಕೊಟ್ಟು ಸರ ತಗೊಳ್ಳೋಕೆ ಬಂದಿದ್ದರು. ಅರಗು ತೆಗೆದ ಮೇಲೆ ಬಳೆ 17.500 ಗ್ರಾಂ, ಕರಗಿಸಿದ ಮೇಲೆ 17.250. ಕ್ಯಾರಟ್ ಮೀಟರ್‌ನಲ್ಲಿ 88 ಟಚ್, ಅಂದರೆ ನೂರಕ್ಕೆ 88 ಭಾಗ ಅಪ್ಪಟ ಬಂಗಾರ. ಎಲ್ಲವನ್ನೂ ಅವರ ಕಣ್ಣೆದುರೇ ಮಾಡಿದ್ದೆವು.

ಬಿಲ್ ಬಂತು. ಮಗ ಮೊಬೈಲ್‌ನಲ್ಲಿ ಗುಣಿಸಿ, "ಸರ್, ಹನ್ನೆರಡು ಸಾವಿರ ಕಡಿಮೆ ಇದೆ" ಅಂದ. ಕರಗಿಸಿದಾಗ ಹೋದ ಕಾಲು ಗ್ರಾಂ ಇವನಿಗೆ ಅರ್ಥ ಆಗಿಲ್ಲ ಅಂದುಕೊಂಡು ತೂಕದ ಚೀಟಿ ತೋರಿಸಿದೆ. "ಅದನ್ನ ಕಳೆದೇ ಹೇಳ್ತಿದೀನಿ" ಅಂದ. ಹಿಂದೆ ಕ್ಯೂ ಬೆಳೀತಿತ್ತು. ಆ ಅಮ್ಮ ಮಾತ್ರ ಬಾಯಿ ಬಿಡದೆ ನನ್ನ ಮುಖಾನೇ ನೋಡ್ತಾ ಕೂತಿದ್ದರು.

ಲೆಕ್ಕ ಸುಲಭ ಆಗಲಿ ಅಂತ 24 ಕ್ಯಾರಟ್ ಗ್ರಾಂಗೆ 10,000, 22 ಕ್ಯಾರಟ್ 9,160 ಅಂದುಕೊಳ್ಳಿ.

```
17.250 × 0.88 = 15.180 (ಫೈನ್)
ಬಿಲ್: 15.180 × 9,160 = 1,39,049
ಸರಿ: 15.180 × 10,000 = 1,51,800
```

ಫೈನ್ ಅಂದರೆ ಅಪ್ಪಟ ಬಂಗಾರದ ತೂಕ. ಅದಕ್ಕೆ 24 ಕ್ಯಾರಟ್ ರೇಟೇ ಹಾಕಬೇಕು. 22 ಕ್ಯಾರಟ್ ರೇಟಿನಲ್ಲಿ ಆಗಲೇ ಟಚ್ ಕಳೆದಿರುತ್ತದೆ, ಅದು 24ರ ರೇಟಿನ ನೂರಕ್ಕೆ 91.6 ಭಾಗ, ಅದನ್ನೇ 916 ಅನ್ನೋದು. ನಮ್ಮ ಸಾಫ್ಟ್‌ವೇರ್ ಟಚ್ ಕಳೆದು, ಮತ್ತೆ ಆ ರೇಟನ್ನೇ ಹಾಕುತ್ತಿತ್ತು. ಟ್ಯಾಗ್ ಹಾಕಿ ಮಾರುವ ಹೊಸ ಮಾಲಿಗೆ ಆ ರೇಟು ಸರಿ, ನೆಟ್ ತೂಕ ಇಂಟು 22ರ ರೇಟು, ಮೇಲೆ ಮಜೂರಿ. ಹಳೆ ಬಂಗಾರದ ಸ್ಕ್ರೀನ್‌ಗೂ ಅದೇ ರೇಟ್ ಮಾಸ್ಟರ್ ಜೋಡಿಸಿಬಿಟ್ಟಿದ್ದರು.

ಇಷ್ಟು ದಿನ ಯಾಕೆ ಸಿಗಲಿಲ್ಲ? ರಾತ್ರಿ ಟ್ಯಾಲಿ ಮಾಡೋದು ತೂಕ. ಅದು ಸರಿಯಾಗೇ ಕೂರುತ್ತಿತ್ತು, ತಪ್ಪಿದ್ದು ದುಡ್ಡು ಮಾತ್ರ. ನಮ್ಮದೇ ಅಂಗಡಿಯ 916 ಮಾಲು ವಾಪಸ್ ಬಂದರೆ ಟಚ್ ಕಳೆಯುವುದೇ ಇಲ್ಲ, ಹಾಗಾಗಿ ಅಲ್ಲೂ ಸುಳಿವಿಲ್ಲ. ಅಕೌಂಟೆಂಟ್ ನೋಡುತ್ತಿದ್ದದ್ದು ಜಿಎಸ್‌ಟಿ. ಹೊಸ ಸರದ ಪೂರ್ತಿ ಬೆಲೆಗೆ 3% ಬಿದ್ದಿದೆಯಾ, ಹಳೆ ಬಂಗಾರವನ್ನು ಅದಾದ ಮೇಲೇ ಕಳೆದಿದೆಯಾ ಅಂತ. ಅದೂ ಸರಿ ಇತ್ತು.

ಟಚ್ ಎಷ್ಟೇ ಇರಲಿ, ಈ ತಪ್ಪಿನಲ್ಲಿ ಗಿರಾಕಿಗೆ ನೂರಕ್ಕೆ 8 ರೂಪಾಯಿ 40 ಪೈಸೆ ಹೋಗುತ್ತದೆ. ಹಾಗಾಗಿ ಹಿಡಿಯೋದು ಸುಲಭ. 10 ಗ್ರಾಂ, 75 ಟಚ್ ಅಂತ ಒಂದು ಟೆಸ್ಟ್ ಬಿಲ್ ಹಾಕಿ. ಮೇಲಿನ ರೇಟಿನಲ್ಲಿ 75,000 ಬರಬೇಕು. 68,700 ಬಂದರೆ ಇದೇ ರೋಗ.

ಅಮ್ಮನಿಗೆ ಕೈಬಿಲ್ ಬರೆದು ಕೊಟ್ಟೆವು. ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡಿದರೆ "ಸರ್, ಅದು ಕಾನ್ಫಿಗರೇಷನ್" ಅಂದರು. ಸರಿ ಸ್ವಾಮಿ, ಆ ಕಾನ್ಫಿಗರೇಷನ್ ಮಾಡಿಕೊಟ್ಟವರು ಯಾರು? ಮಾಲೀಕರು 916 ಅಲ್ಲದ ಹಳೆ ಬಿಲ್‌ಗಳ ಪಟ್ಟಿ ಕೇಳಿದರು. ಟಚ್ ಪ್ರಕಾರ ಸೋಸುವ ರಿಪೋರ್ಟೇ ಇರಲಿಲ್ಲ, ಎಕ್ಸೆಲ್‌ನಲ್ಲೇ ಕೂತು ತೆಗೆದೆ. ಈಗ ಬಿಲ್‌ನಲ್ಲಿ ಫೈನ್ ತೂಕ, ಪಕ್ಕದಲ್ಲೇ ಹಾಕಿದ ರೇಟು, ಎರಡೂ ಪ್ರಿಂಟ್ ಆಗುತ್ತವೆ.