ಖಂಡೇಪೂಜೆ ವಾರದ ಪ್ರೆಸ್ ನೋಟ್

ನಾನು ಕೆಲಸ ಮಾಡುವ ಹುಬ್ಬಳ್ಳಿಯ ಸೌಹಾರ್ದ ಸಹಕಾರಿ ಹೋದ ದಸರೆಗೆ ಧಾರವಾಡದ ಲೈನ್ ಬಜಾರ್‌ನಲ್ಲಿ ಶಾಖೆ ತೆರೆಯಿತು. ಸಾಲದ ಕಡತ ನೋಡುವ ನನಗೆ, ಕನ್ನಡ ಎಂ.ಎ. ಓದಿದ್ದೇನೆಂಬ ಒಂದೇ ಕಾರಣಕ್ಕೆ, ಪ್ರೆಸ್ ನೋಟ್ ಬರೆಯುವ ಕೆಲಸ ಬಿತ್ತು.

ಭಾನುವಾರ ರಾತ್ರಿ ಕುಳಿತು ಬರೆದೆ. ಶೀರ್ಷಿಕೆ: ‘ದಸರಾ ಶುಭ ಸಂದರ್ಭದಲ್ಲಿ ಗ್ರಾಹಕರ ಸೇವೆಗೆ ನಮ್ಮ ಬ್ಯಾಂಕ್‌ನ ನೂತನ ಶಾಖೆಯ ಭವ್ಯ ಲೋಕಾರ್ಪಣೆ’. ಮೊದಲ ಪ್ಯಾರಾ ಒಂದೇ ವಾಕ್ಯ. ಅದರಲ್ಲಿ ಸಾನ್ನಿಧ್ಯ ವಹಿಸುವ ಸ್ವಾಮೀಜಿ, ಅಧ್ಯಕ್ಷರು, ಉಪಾಧ್ಯಕ್ಷರು, ಏಳು ನಿರ್ದೇಶಕರು ಸಾಲಾಗಿ ನಿಂತಿದ್ದರು. ವಾಕ್ಯದ ಕಡೆಗೆ, ‘ನಾಳೆ ಜರುಗಲಿದೆ’. ಬರೆದದ್ದು ನನಗೇ ಬಹಳ ಸೇರಿತ್ತು.

ಸೋಮವಾರ ಮುಂಜಾನೆ ಅದನ್ನು ಓಣಿಯ ಕಾಕಾ ಒಬ್ಬರಿಗೆ ತೋರಿಸಿದೆ. ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಚಹಾ ಕುಡಿಯುತ್ತ ಓದಿ, ‘ತಮ್ಮಾ, ಇದರಾಗ ಶಾಖೆ ಎಲ್ಲೈತಿ?’ ಅಂದರು. ಹುಡುಕಿದೆ. ಲೈನ್ ಬಜಾರ್ ಇದ್ದದ್ದು ಮೂರನೇ ಪ್ಯಾರಾದಲ್ಲಿ.

‘ಹಬ್ಬದಾಗ ಪುಟದ ತುಂಬ ಜಾಹೀರಾತು ಇರ್ತಾವ. ಜಾಗ ಸಾಲದಿದ್ರ ಕತ್ತರಿ ಕೆಳಗಿಂದ ಬರ್ತೈತಿ. ಮೊದಲ ಪ್ಯಾರಾ ಒಂದ ಉಳೀತು ಅಂತ ತಿಳಕೊಂಡು ಬರಿ.’ ಆಮೇಲೆ ‘ನಾಳೆ’ಯ ಮೇಲೆ ಗೀಟು ಎಳೆದರು. ‘ಇದು ಯಾವ ನಾಳೆ? ನೀ ಬರೆದದ್ದರದೋ, ಪೇಪರ್ ಓದವನದೋ?’

ಆ ವರ್ಷ, 2025ರಲ್ಲಿ, ಖಂಡೇಪೂಜೆ ಅಕ್ಟೋಬರ್ 1ರ ಬುಧವಾರ, ಬನ್ನಿ ಮುಡಿಯುವ ಹಬ್ಬ 2ರ ಗುರುವಾರ. ನಮ್ಮ ಉದ್ಘಾಟನೆ ಗುರುವಾರವೇ. ಖಂಡೇಪೂಜೆಗೆ ಪತ್ರಿಕಾ ಕಚೇರಿಗಳು ರಜೆ ಮಾಡುವುದರಿಂದ ಮರುದಿನ ಪೇಪರ್ ಬರುವುದಿಲ್ಲ. ಬುಧವಾರ ಕೊಡೋಣ ಎಂದುಕೊಂಡಿದ್ದ ನಾನು ಹಾಗೆಯೇ ಮಾಡಿದ್ದರೆ ಸಮಾರಂಭ ಮುಗಿದ ಮೇಲೆ ಆಮಂತ್ರಣ ಅಚ್ಚಾಗುತ್ತಿತ್ತು. ಮಂಗಳವಾರ ಮಧ್ಯಾಹ್ನದೊಳಗೆ ಅವರ ಕೈಸೇರಿ, ಬುಧವಾರದ ಸಂಚಿಕೆಯಲ್ಲಿ ಬಂದರಷ್ಟೇ ಉಪಯೋಗ.

ಇನ್ನೊಂದು ತೊಡಕನ್ನು ಕಾಕಾನ ಪ್ರಶ್ನೆಯೇ ಹೊರಗೆಳೆಯಿತು: ‘ಗುರುವಾರ ಮಂದಿ ಬಂದ್ರ ಖಾತೆ ತೆಗೀತೀರೇನು?’ ಇಲ್ಲ. ಅಂದು ಗಾಂಧಿ ಜಯಂತಿಯೂ ಹೌದು. ಪೂಜೆ, ಭಾಷಣ, ಫಳಾರ ಅಷ್ಟೇ. ಕೌಂಟರ್ ತೆರೆಯುವುದು ಶುಕ್ರವಾರ. ಎರಡೂ ದಿನಾಂಕ ಮೊದಲ ಪ್ಯಾರಾದಲ್ಲೇ ಬರಬೇಕಾಯಿತು.

ಶೀರ್ಷಿಕೆಯ ‘ಬ್ಯಾಂಕ್’ ಮಾತ್ರ ನಾನೇ ಹಿಡಿಯಬೇಕಿದ್ದ ತಪ್ಪು. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ನಮ್ಮಂಥ ಸಹಕಾರಿಗಳು ಆ ಪದ ಬಳಸುವಂತಿಲ್ಲ. 2020ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾಯಿತು; ಮರುವರ್ಷ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಸಾರ್ವಜನಿಕರಿಗೇ ಎಚ್ಚರಿಕೆ ಕೊಟ್ಟಿತು. ಇಂಥ ಸಂಘಗಳ ಠೇವಣಿಗೆ ಬ್ಯಾಂಕಿನ ಠೇವಣಿಗಿರುವ ವಿಮೆಯೂ ಇಲ್ಲ. ಓಣಿಯ ಮಂದಿ ಬಾಯಲ್ಲಿ ನಮ್ಮದು ‘ಬ್ಯಾಂಕ್’ ಆದರೂ ನಮ್ಮ ಲೆಟರ್‌ಹೆಡ್‌ನಿಂದ ಆ ಮಾತು ಹೋಗಬಾರದು. ‘ಗ್ರಾಹಕರು’ ತೆಗೆದು ‘ಸದಸ್ಯರು’ ಮಾಡಿದ್ದೂ ಅದೇ ಕಾರಣಕ್ಕೆ. ನಾವು ಠೇವಣಿ ಪಡೆಯುವುದು ಸದಸ್ಯರಿಂದ.

ಊರಿನ ಹೆಸರಿನಲ್ಲೂ ಎಡವಿದ್ದೆ. ಆಡಳಿತ ಕಚೇರಿ ಇಲ್ಲಿದೆಯೆಂದು ಆರಂಭದಲ್ಲಿ ‘ಹುಬ್ಬಳ್ಳಿ:’ ಹಾಕಿದ್ದೆ. ಓದಬೇಕಾದವರು ಇರುವುದು ಇಪ್ಪತ್ತು ಕಿಲೋಮೀಟರ್ ಆಚೆ. ಕಾಕಾ ಅದನ್ನು ಹೊಡೆದು ಧಾರವಾಡ ಮಾಡಿದರು. ಕಡೆಗೆ ಉಳಿದದ್ದು ಇದು (ಸಂಸ್ಥೆಯ ಹೆಸರು ಬಿಟ್ಟಿದ್ದೇನೆ):

ಲೈನ್ ಬಜಾರ್‌ನಲ್ಲಿ ಸೌಹಾರ್ದ ಶಾಖೆ: ಅ.2ರಂದು ಉದ್ಘಾಟನೆ

ಧಾರವಾಡ: ಹುಬ್ಬಳ್ಳಿಯ ... ಸೌಹಾರ್ದ ಸಹಕಾರಿಯ ಧಾರವಾಡ ಶಾಖೆಯ ಉದ್ಘಾಟನೆ ಇಲ್ಲಿನ ಲೈನ್ ಬಜಾರ್‌ನಲ್ಲಿ ಅ.2ರ ಗುರುವಾರ ಬೆಳಿಗ್ಗೆ 10.30ಕ್ಕೆ ನಡೆಯಲಿದೆ. ವ್ಯವಹಾರ ಅ.3ರ ಶುಕ್ರವಾರ ಆರಂಭವಾಗಲಿದ್ದು, ಧಾರವಾಡದ ಸದಸ್ಯರು ಠೇವಣಿ ಹಾಗೂ ಸಾಲದ ಕೆಲಸಕ್ಕೆ ಇನ್ನು ಹುಬ್ಬಳ್ಳಿಗೆ ಹೋಗಬೇಕಿಲ್ಲ.

‘ಭವ್ಯ’, ‘ಶುಭ ಸಂದರ್ಭ’ ಎರಡೂ ಹೋದವು. ‘ದಸರಾ’ ಹೋಗಿದ್ದಕ್ಕೆ ನನಗೆ ಸ್ವಲ್ಪ ಬೇಜಾರಾಯಿತು, ನಿಜ. ‘ಅಂದು ದಸರಾ ಅಂತ ಧಾರವಾಡದಾಗ ಯಾರಿಗೆ ಗೊತ್ತಿಲ್ಲೋ?’ ಅಂದರು ಕಾಕಾ. ಸ್ವಾಮೀಜಿ, ಅಧ್ಯಕ್ಷರು ಎರಡನೇ ಪ್ಯಾರಾಕ್ಕೆ ಇಳಿದರು; ನಿರ್ದೇಶಕರು ಮೂರನೆಯದಕ್ಕೆ.

ಅಧ್ಯಕ್ಷರಿಗೆ ತೋರಿಸುವುದೇ ದೊಡ್ಡ ಕೆಲಸವಾಯಿತು. ‘ನನ್ನ ಹೆಸರು ಕೆಳಗ ಯಾಕ ಹೋತಪಾ? ಬ್ಯಾಂಕ್ ಅಂತ ಯಾಕ ಇಲ್ಲ?’ ಎರಡನೆಯದಕ್ಕೆ ಕಾಯ್ದೆ ತೋರಿಸಿದೆ. ಮೊದಲನೆಯದಕ್ಕೆ ಸುಮ್ಮನೆ ನಿಂತೆ. ಸಹಿ ಹಾಕಿದರು.

ಬುಧವಾರ ಎರಡು ಪತ್ರಿಕೆಗಳಲ್ಲಿ ಬಂತು. ಒಂದರಲ್ಲಿ ಕಾಕಾ ಹೇಳಿದಂತೆ ಮೊದಲ ಪ್ಯಾರಾ ಮಾತ್ರ, ಅಕ್ಷರ ಬದಲಾಗದೆ. ಇನ್ನೊಂದರಲ್ಲಿ ಅಧ್ಯಕ್ಷರ ಹೆಸರೂ ಇತ್ತು. ಆದರೆ ಜಾಗ ಉಳಿಸಲೋ ಏನೋ, ಶೀರ್ಷಿಕೆಯನ್ನು ‘ಲೈನ್ ಬಜಾರ್: ಬ್ಯಾಂಕ್ ಶಾಖೆ ನಾಳೆ ಆರಂಭ’ ಎಂದು ಮಾಡಿದ್ದರು. ಅಧ್ಯಕ್ಷರು ಅದನ್ನೇ ಕತ್ತರಿಸಿ ಫೋನಿನಲ್ಲಿ ಎಲ್ಲರಿಗೂ ಕಳಿಸಿದ್ದರು. ನಾನು ತಿದ್ದುಪಡಿ ಕೇಳಲು ಆ ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. ಖಂಡೇಪೂಜೆಯ ರಜೆ, ಯಾರೂ ಎತ್ತಲಿಲ್ಲ.